ದನಿ, ಜೊತೆಗಾರ, ಹಗ್ಗ: ಆಟದ ಪೀರಿಯಡ್‌ನಲ್ಲಿ ಕಣ್ಣು ಕಾಣದ ಮಗುವಿಗೆ ಯಾವಾಗ ಯಾವುದು ಹೊಂದುತ್ತದೆ

ತುಮಕೂರು ಜಿಲ್ಲೆಯ ಸಾಮಾನ್ಯ ಶಾಲೆಗಳಲ್ಲಿ ದೃಷ್ಟಿದೋಷವುಳ್ಳ ಮಕ್ಕಳು ಕಣ್ಣು ಕಾಣುವ ಮಕ್ಕಳೊಂದಿಗೇ ಕಲಿಯುತ್ತಿದ್ದಾರೆ. ಪಾಠದ ವಿಷಯದಲ್ಲಿ ಏನು ಮಾಡಬೇಕೆಂಬುದು ಶಿಕ್ಷಕರಿಗೆ ಒಂದಿಷ್ಟಾದರೂ ಗೊತ್ತಿದೆ. ಬ್ರೈಲ್ ಪುಸ್ತಕವಿದೆ, ಗಟ್ಟಿಯಾಗಿ ಓದಿ ಹೇಳುವ ರೂಢಿಯಿದೆ, ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಿಂದ ಬಂದು ಹೋಗುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಆಟದ ಪೀರಿಯಡ್ ಬಂದಾಗ ಮಾತ್ರ ಆ ಮಗುವನ್ನು ಮರದ ನೆರಳಿನಲ್ಲಿ ಕೂರಿಸಿ, ಉಳಿದವರ ಬ್ಯಾಗು ಚಪ್ಪಲಿ ನೋಡಿಕೊಳ್ಳುವ ಕೆಲಸ ಒಪ್ಪಿಸುವುದು ಇನ್ನೂ ನಡೆದುಕೊಂಡು ಬಂದಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೆಯ ಸೆಕ್ಷನ್ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನು ಇತರರಿಗೆ ಸಮನಾಗಿ ಕೊಡಬೇಕೆಂದು ಶಾಲೆಗಳಿಗೆ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಆಡಿಸಬೇಕೇ ಬೇಡವೇ ಎಂಬುದು ಈಗ ಪ್ರಶ್ನೆಯಲ್ಲ. ಹೇಗೆ ಆಡಿಸಬೇಕೆಂಬುದು ಪ್ರಶ್ನೆ.

ದೈಹಿಕ ಶಿಕ್ಷಕರು ಸಾಮಾನ್ಯವಾಗಿ ಮೂರು ದಾರಿಗಳ ನಡುವೆ ತೂಗಾಡುತ್ತಾರೆ. ಚಪ್ಪಾಳೆ, ಕೂಗು, ಗೆಜ್ಜೆ ಹಾಕಿದ ಚೆಂಡು ಮುಂತಾದ ದನಿಯ ಸೂಚನೆ ಒಂದು. ಕೈ ಹಿಡಿದು ಅಥವಾ ಪಟ್ಟಿ ಹಿಡಿದು ಜೊತೆಯಲ್ಲಿ ಓಡುವ ಸಹಪಾಠಿ ಇನ್ನೊಂದು. ಕಟ್ಟಿದ ಹಗ್ಗ, ಕಾಲಿಗೆ ಸಿಗುವ ಗೆರೆ, ಮುಟ್ಟಿ ತೋರಿಸುವಿಕೆ ಮೂರನೆಯದು. ಮೂರನ್ನೂ ಒಟ್ಟಿಗೆ ಬಳಸಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಒಂದೇ ಹೊತ್ತಿಗೆ ಮುಂದೆ ಒಬ್ಬರು ಕೂಗುತ್ತ, ಪಕ್ಕದಲ್ಲಿ ಇನ್ನೊಬ್ಬರು ಎಳೆಯುತ್ತ, ಕೈಯಲ್ಲಿ ಹಗ್ಗವೂ ಇದ್ದರೆ ಮಗು ಯಾವುದನ್ನು ನಂಬಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಆರಿಸಲೇಬೇಕು. ಈ ಬರಹದಲ್ಲಿ ನಾನು ಎಲ್ಲ ಆಟಗಳಿಗೂ ಕೈ ಹಾಕದೆ, ಪ್ರತಿ ಶಾಲೆಯಲ್ಲೂ ಇರುವ ಓಟವನ್ನು ಮುಖ್ಯವಾಗಿ ಹಿಡಿದು, ಕೊನೆಗೆ ಖೋ ಖೋ ಮತ್ತು ಚೆಂಡಾಟದ ಕಡೆಗೆ ಬರುತ್ತೇನೆ.

ತೂಗಿ ನೋಡುವ ಮುನ್ನ

ಮೊದಲು ಕೇಳಿಕೊಳ್ಳಬೇಕಾದದ್ದು, ಆ ಗಳಿಗೆಯಲ್ಲಿ ಮಗುವಿಗೆ ಕೊರತೆಯಿರುವ ಮಾಹಿತಿ ಯಾವುದು ಎಂಬುದನ್ನು. ಎತ್ತ ಹೋಗಬೇಕು ಎಂಬುದು ಒಂದು ಬಗೆಯ ಮಾಹಿತಿ. ದೇಹವನ್ನು ಹೇಗೆ ಆಡಿಸಬೇಕು ಎಂಬುದು ಬೇರೆ ಬಗೆಯದು. ಎಲ್ಲಿಗೆ ನಿಲ್ಲಬೇಕು, ಅಂಚು ಎಲ್ಲಿದೆ ಎಂಬುದು ಮತ್ತೊಂದು. ಓಡುವಾಗ ತೋಳನ್ನು ಎಷ್ಟು ಮಡಿಸಬೇಕೆಂದು ತಿಳಿಯದ ಮಗುವಿಗೆ ನೂರು ಸಲ ಚಪ್ಪಾಳೆ ತಟ್ಟಿದರೂ ಅದು ತಿಳಿಯುವುದಿಲ್ಲ, ಏಕೆಂದರೆ ಚಪ್ಪಾಳೆ ದಿಕ್ಕನ್ನು ಮಾತ್ರ ಹೇಳುತ್ತದೆ.

ಎರಡನೆಯದು, ನಿರ್ಧಾರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಮಗುವಿನದೇ ತೀರ್ಮಾನವಾಗಿದ್ದರೆ ಅದು ಆಡುತ್ತಿದೆ. ಇಲ್ಲವಾದರೆ ಅದನ್ನು ಸಾಗಿಸಲಾಗುತ್ತಿದೆ. ಈ ಎರಡನೆಯ ಮಾನದಂಡಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ, ಸುರಕ್ಷತೆಯೊಂದನ್ನು ಬಿಟ್ಟು.

ಮೂರನೆಯದು ಮೈದಾನ. ನೆಲ, ಗಾಳಿ, ಸದ್ದು, ಬಿಸಿಲು. ನಾಲ್ಕನೆಯದು, ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಒಬ್ಬ ಶಿಕ್ಷಕರು ನಲವತ್ತು ಮಕ್ಕಳನ್ನಿಟ್ಟುಕೊಂಡು ಇದನ್ನು ನಿಭಾಯಿಸಬಹುದೇ, ಎಷ್ಟು ಖರ್ಚಾಗುತ್ತದೆ ಎಂಬುದು.

ಇವಕ್ಕೂ ಮುಂಚೆ ಒಂದು ವಿಚಾರಣೆ ಆಗಬೇಕು. ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಶೇಕಡಾವಾರು ಇರುತ್ತದೆ, ಆದರೆ ಆಟಕ್ಕೆ ಬೇಕಾದ ವಿವರ ಆ ಅಂಕಿಯಿಂದ ತಿಳಿಯುವುದಿಲ್ಲ. ಮಗುವಿಗೆ ಬೆಳಕು ಕಾಣುತ್ತದೆಯೇ, ಪಕ್ಕದಿಂದ ಬರುವುದು ಕಾಣುತ್ತದೆಯೇ, ಬಿಸಿಲಿನಲ್ಲಿ ದೃಷ್ಟಿ ಇನ್ನಷ್ಟು ಮಸುಕಾಗುತ್ತದೆಯೇ ಎಂದು ಮಗುವನ್ನೂ ತಂದೆತಾಯಿಯನ್ನೂ ಕೇಳಬೇಕು. ಕಣ್ಣಿನ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಜಿಗಿತದಿಂದಲೋ ತಲೆಗೆ ಬೀಳುವ ಪೆಟ್ಟಿನಿಂದಲೋ ಉಳಿದಿರುವ ದೃಷ್ಟಿಗೆ ಅಪಾಯವಿದೆಯೇ? ಅತಿಯಾದ ಸಮೀಪದೃಷ್ಟಿ ಇರುವ ಮಕ್ಕಳಲ್ಲಿ ಕಣ್ಣಿನ ಹಿಂಪರದೆ ಕಳಚಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚು. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರುವವರು ತಲೆ ಕೆಳಗೆ ಮಾಡುವ ಆಸನಗಳನ್ನು ಮಾಡಬಾರದು. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ವೈದ್ಯರು ಒಪ್ಪಿಗೆ ಕೊಡುವವರೆಗೆ ಓಟವೂ ಬೇಡ. ಈ ಉತ್ತರ ಬರುವ ತನಕ ಕೆಳಗಿನ ಯಾವ ಹೋಲಿಕೆಯನ್ನೂ ಮೈದಾನಕ್ಕೆ ಇಳಿಸಬಾರದು.

ದನಿ

ದನಿಯ ದೊಡ್ಡ ಗುಣವೆಂದರೆ ಅದು ಮಗುವನ್ನು ಮುಟ್ಟುವುದಿಲ್ಲ. ಗುರಿಯ ಆಚೆ ಒಬ್ಬರು ನಿಂತು ಚಪ್ಪಾಳೆ ತಟ್ಟುತ್ತಾರೆ. ಮಗು ತಾನೇ ಕಿವಿಗೊಟ್ಟು, ತಾನೇ ದಿಕ್ಕು ಹಿಡಿದು, ತನ್ನ ವೇಗದಲ್ಲಿ ಓಡುತ್ತದೆ. ನಿರ್ಧಾರ ಪೂರ್ತಿ ಅದರದೇ. ಖರ್ಚು ಸೊನ್ನೆ. ಆದರೂ ದನಿಯನ್ನು ಬಳಸುವ ಕ್ರಮ ತಿಳಿಯದೆ ಸೋತವರೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಎಲ್ಲ ಸದ್ದಿನ ದಿಕ್ಕೂ ಒಂದೇ ಸಮನಾಗಿ ತಿಳಿಯುವುದಿಲ್ಲ. ಒಂದೇ ಸ್ವರದಲ್ಲಿ ಉದ್ದಕ್ಕೆ ಊದಿದ ಸೀಟಿ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ, ಚಪ್ಪಾಳೆ ಅಥವಾ ಎರಡು ಮರದ ತುಂಡುಗಳನ್ನು ಬಡಿದ ಸದ್ದು ಎಲ್ಲಿಂದ ಬಂತೆಂದು ಹೇಳುವುದು ಸುಲಭ. ಅಂಥ ಚಿಕ್ಕ, ಒರಟು ಸದ್ದಿನಲ್ಲಿ ತಗ್ಗಿನ ಸ್ವರಗಳೂ ಎತ್ತರದ ಸ್ವರಗಳೂ ಬೆರೆತಿರುವುದರಿಂದ ಎರಡು ಕಿವಿಗಳಿಗೂ ಹೋಲಿಸಿಕೊಳ್ಳಲು ಹೆಚ್ಚು ಸುಳಿವು ಸಿಗುತ್ತದೆ. ಆದ್ದರಿಂದ ದಿಕ್ಕಿಗೆ ಚಪ್ಪಾಳೆ, ನಿಲ್ಲಲು ಸೀಟಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಸೀಟಿ ಕೇಳಿದರೆ ಮೈದಾನದಲ್ಲಿರುವ ಎಲ್ಲರೂ ನಿಲ್ಲಬೇಕು, ಆ ಮಗುವೊಂದೇ ಅಲ್ಲ.

ಕೂಗಿ ಹೇಳುವ ಮಾತುಗಳನ್ನೂ ಆರಿಸಿಕೊಳ್ಳಬೇಕು. "ನೇರ", "ನಿಲ್ಲು" ಎರಡೂ ಒಂದೇ ವ್ಯಂಜನದಿಂದ ಶುರುವಾಗುತ್ತವೆ. ಓಡುತ್ತಿರುವ ಮಗುವಿಗೆ ಮೊದಲ ಅಕ್ಷರವೇ ಮುಖ್ಯವಾದ್ದರಿಂದ ಇವೆರಡೂ ಕಲಸಿಹೋಗುತ್ತವೆ. "ಎಡ", "ಬಲ", "ಸ್ಟಾಪ್" ಎಂಬ ಮೂರೇ ಮಾತು ಸಾಕು. ನೇರವಾಗಿ ಹೋಗುತ್ತಿದ್ದರೆ ಮಾತೇ ಬೇಡ, ಚಪ್ಪಾಳೆ ಮುಂದುವರಿದರೆ ಆಯಿತು. ಕರೆಯುವವರು ಗುರಿಗೆರೆಯ ಮೇಲೆ ನಿಲ್ಲಬಾರದು. ಗುರಿಯಿಂದ ಹತ್ತು ಮೀಟರ್‌ನಷ್ಟು ಹಿಂದೆ ನಿಂತು, ಮಗು ಹತ್ತಿರವಾದಂತೆ ತಾವೂ ಹಿಂದೆ ಸರಿಯುತ್ತಿರಬೇಕು. ಎದುರಿಗೆ ಯಾರೋ ನಿಂತಿದ್ದಾರೆಂದು ತಿಳಿದ ಮಗು ಕೊನೆಯ ಹತ್ತು ಮೀಟರ್ ಓಡುವುದೇ ಇಲ್ಲ, ತಡವರಿಸಿ ನಡೆಯುತ್ತದೆ.

ಈಗ ದನಿಯ ಮಿತಿಗಳನ್ನು ನೋಡೋಣ. ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ದೊಡ್ಡ ಅಡ್ಡಿ. ಗಾಳಿ ಬೀಸಿ ಬರುವ ಕಡೆಯಿಂದ ಕೂಗಿದರೆ ದನಿ ಚೆನ್ನಾಗಿ ತಲುಪುತ್ತದೆ, ಗಾಳಿಗೆ ಎದುರಾಗಿ ಕೂಗಿದರೆ ತಲುಪುವುದಿಲ್ಲ. ಆ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ, ಕರೆಯುವವರು ಪಶ್ಚಿಮದ ತುದಿಯಲ್ಲಿ ನಿಂತು ಮಗು ಪೂರ್ವದಿಂದ ಪಶ್ಚಿಮಕ್ಕೆ ಓಡುವಂತೆ ಓಟದ ದಾರಿ ಹಾಕಬೇಕು. ಗಾಳಿ ಕಿವಿಯಲ್ಲೇ ಮೊರೆಯುವಷ್ಟು ಜೋರಾಗಿದ್ದರೆ ಆ ದಿನ ದನಿಯನ್ನು ನಂಬಿ ಓಡಿಸಬಾರದು. ಇನ್ನೊಂದು ಅಡ್ಡಿ ಗೋಡೆ. ಓಟದ ದಾರಿಯ ಒಂದು ಪಕ್ಕಕ್ಕೆ ಶಾಲೆಯ ಉದ್ದನೆಯ ಗೋಡೆಯಿದ್ದರೆ ಅದರಿಂದ ಮರುದನಿ ಬಂದು ಮಗು ಗೋಡೆಯ ಕಡೆಗೇ ವಾಲಬಹುದು. ಅದೇ ಗೋಡೆ ಕರೆಯುವವರ ಬೆನ್ನ ಹಿಂದೆ ದೂರದಲ್ಲಿದ್ದರೆ ಅಷ್ಟು ತೊಂದರೆಯಿಲ್ಲ. ಉಳಿದ ಮಕ್ಕಳ ಗದ್ದಲದ ವಿಷಯ ಎಲ್ಲರಿಗೂ ಗೊತ್ತು. ಪ್ರೋತ್ಸಾಹಿಸಲು ಇಡೀ ತರಗತಿ ಒಟ್ಟಿಗೆ ಕೂಗಿದಾಗ ಓಡುತ್ತಿರುವ ಮಗುವಿಗೆ ದಾರಿಯೇ ಅಳಿಸಿಹೋಗುತ್ತದೆ. ಗುರಿ ಮುಟ್ಟಿದ ಮೇಲೆ ಕೂಗಲಿ.

ದನಿ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ತಿಳಿಯಲು ನಮ್ಮ ಕೆಮ್ಮಣ್ಣಿನ ಮೈದಾನವೇ ಸಾಕು. ಹೊರಡುವ ಜಾಗದಿಂದ ಗುರಿಯವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿಡಿ. ಓಟವಾದ ಮೇಲೆ ಹತ್ತು, ಇಪ್ಪತ್ತು, ಮೂವತ್ತು ಮೀಟರ್‌ಗಳಲ್ಲಿ ಹೆಜ್ಜೆಗುರುತು ಆ ಗೆರೆಯಿಂದ ಎಷ್ಟು ಸರಿದಿದೆ ನೋಡಿ. ಪ್ರತಿ ಸಲವೂ ಒಂದೇ ಕಡೆಗೆ ಸರಿಯುತ್ತಿದ್ದರೆ ಕಾರಣ ಮರುದನಿ, ಗಾಳಿ ಅಥವಾ ಒಂದು ಕಿವಿಯ ಕೇಳುವಿಕೆಯ ಕೊರತೆ ಇರಬಹುದು. ದಾರಿಯನ್ನು ತಿರುಗಿಸಿ ಓಡಿಸಿದರೂ ಮಗು ತನ್ನ ಅದೇ ಪಕ್ಕಕ್ಕೆ ಸರಿದರೆ ಕಿವಿಯ ತಪಾಸಣೆ ಮಾಡಿಸಬೇಕು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನಂತೆ ಸರಿಯುತ್ತಿದ್ದರೆ ಕರೆ ತಡವಾಗಿ ಬರುತ್ತಿದೆ ಎಂದರ್ಥ.

ಜೊತೆಗಾರ

ಜೊತೆ ಓಟಗಾರರ ಪದ್ಧತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಚಿಕ್ಕಮಗಳೂರಿನ ರಕ್ಷಿತಾ ರಾಜು 2018ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದದ್ದು ಟಿ11 ವಿಭಾಗದಲ್ಲಿ. ಆ ವಿಭಾಗದಲ್ಲಿ ಓಟಗಾರರು ಕಣ್ಣಿಗೆ ಬೆಳಕು ತೂರದ ಪಟ್ಟಿ ಕಟ್ಟಿಕೊಂಡು, ಕಣ್ಣು ಕಾಣುವ ಜೊತೆಗಾರರೊಂದಿಗೆ ಒಂದು ಚಿಕ್ಕ ಪಟ್ಟಿ ಹಿಡಿದು ಓಡುತ್ತಾರೆ. ಜೊತೆಗಾರ ಓಟಗಾರನನ್ನು ಎಳೆಯಬಾರದು, ತಳ್ಳಬಾರದು, ಗುರಿಗೆರೆಯನ್ನು ತಾನು ಮೊದಲು ದಾಟಬಾರದು ಎಂಬುದು ಅಲ್ಲಿನ ನಿಯಮ. ಶಾಲೆಯ ಮೈದಾನಕ್ಕೂ ಇದೇ ಮೂರು ನಿಯಮ ಸಾಕು.

ಪಟ್ಟಿಗೆ ಹಣ ಬೇಕಿಲ್ಲ. ಹಿಗ್ಗದ ಹತ್ತಿಯ ನಾಡಾ ಅಥವಾ ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿಯನ್ನು ಎರಡು ಕಡೆ ಕುಣಿಕೆ ಹಾಕಿ, ಎರಡು ಕೈಗಳ ನಡುವೆ ಒಂದು ಗೇಣು ಅಂತರ ಉಳಿಯುವಂತೆ ಕಟ್ಟಿದರೆ ಆಯಿತು. ಕುಣಿಕೆಯನ್ನು ಮಣಿಕಟ್ಟಿಗೆ ಬಿಗಿಯಬಾರದು, ಬೆರಳುಗಳಲ್ಲಿ ಹಿಡಿದುಕೊಳ್ಳಬೇಕು. ಒಬ್ಬರು ಎಡವಿದರೆ ಇನ್ನೊಬ್ಬರು ಬೀಳಬಾರದಲ್ಲ. ಹೆಜ್ಜೆಯ ಹೊಂದಿಕೆ ಮುಖ್ಯ. ಇಬ್ಬರ ಒಳಗಿನ ಕೈಗಳೂ ಒಟ್ಟಿಗೆ ಮುಂದಕ್ಕೂ ಹಿಂದಕ್ಕೂ ಬೀಸಬೇಕಾದರೆ ಇಬ್ಬರ ಹೊರಗಿನ ಕಾಲುಗಳೂ ಒಟ್ಟಿಗೆ ಮುಂದಕ್ಕೆ ಬರಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಇಬ್ಬರೂ ಬಲಗಾಲಿನಿಂದ ಹೊರಟರೆ ಎರಡನೆಯ ಹೆಜ್ಜೆಗೇ ಕೈಗಳು ಕಿತ್ತಾಡುತ್ತವೆ. ಮೊದಲು ನಿಂತಲ್ಲೇ, ಆಮೇಲೆ ನಡೆದು, ಆಮೇಲೆ ನಿಧಾನವಾಗಿ ಓಡಿ ಇದನ್ನು ರೂಢಿಸಬೇಕು. ಜೊತೆಗಾರರು ಓಡುವ ಮಗುವಿಗಿಂತ ವೇಗವುಳ್ಳವರಾಗಿರಬೇಕು ಎಂಬುದನ್ನು ಮರೆಯಬೇಡಿ. ಪಾಪವೆಂದು ಮುಂದೆ ಬಂದ ಆಪ್ತ ಗೆಳತಿ ಅದಕ್ಕೆ ಸರಿಯಾದವಳಾಗಿರಲಿಕ್ಕಿಲ್ಲ, ಅವಳ ಓಟ ನಿಧಾನವಿದ್ದರೆ ಈ ಮಗುವಿನ ಓಟಕ್ಕೆ ಅದೇ ಮೇಲ್ಮಿತಿಯಾಗುತ್ತದೆ.

ಸುರಕ್ಷತೆಯ ದೃಷ್ಟಿಯಿಂದ ಮೂರರಲ್ಲಿ ಜೊತೆಗಾರರೇ ಮೇಲು. ಏರುತಗ್ಗಿನ ನೆಲ, ಗಾಳಿ, ಗದ್ದಲ ಯಾವುದೂ ಇವರಿಗೆ ಅಡ್ಡಿಯಲ್ಲ. ದೂರದ ಓಟಕ್ಕೆ, ತಿರುವಿರುವ ದಾರಿಗೆ ಬೇರೆ ಉಪಾಯವೇ ಇಲ್ಲ. ಇಲ್ಲಿ ಕಳೆದುಕೊಳ್ಳುವುದು ಆ ಎರಡನೆಯ ಮಾನದಂಡವನ್ನು. ಜೊತೆಗಾರರಿಗೆ ತಿಳಿಯದೆಯೇ ಮಗುವಿನ ನಿರ್ಧಾರ ಅವರ ಕೈಗೆ ಹೋಗುತ್ತದೆ. ಎಳೆಯಲಾಗುತ್ತಿದೆ ಎಂಬುದಕ್ಕೆ ಗುರುತುಗಳಿವೆ: ಪಟ್ಟಿ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ, ಮಗುವಿನ ಒಂದು ಭುಜ ಮುಂದಕ್ಕೆ ತಿರುಗಿರುತ್ತದೆ, ಒಳಗಿನ ಕೈ ಬೀಸುವುದನ್ನೇ ಬಿಟ್ಟಿರುತ್ತದೆ. ಪಟ್ಟಿ ಜೋಲಾಡುವಷ್ಟು ಸಡಿಲವಾಗಿದ್ದರೆ ಓಟ ಸರಿಯಾಗಿದೆ.

ಇನ್ನೊಂದು ನಷ್ಟ ಜೊತೆಗಾರ ವಿದ್ಯಾರ್ಥಿಯದು. ಪ್ರತಿ ಆಟದ ಪೀರಿಯಡ್‌ನಲ್ಲೂ ಒಬ್ಬಳೇ ಜೊತೆಗಾರ್ತಿಯಾದರೆ ಅವಳ ಆಟ ಹೋಗುತ್ತದೆ, ಕೆಲವು ವಾರಗಳಲ್ಲಿ ಅವಳಿಗೆ ಅದು ಹೊರೆಯಾಗುತ್ತದೆ, ಹೊರೆಯಾದದ್ದು ಕಣ್ಣು ಕಾಣದ ಮಗುವಿಗೂ ತಿಳಿಯುತ್ತದೆ. ನಾಲ್ಕೈದು ಜನರಿಗೆ ಕಲಿಸಿ ಸರದಿಯಲ್ಲಿ ಇಡಬೇಕು. ಕಲಿಸಲು ಒಂದು ಇಡೀ ಪೀರಿಯಡ್ ಬೇಕು, ಅದನ್ನು ಮೊದಲೇ ತೆಗೆದಿಡಿ. ಸುಮ್ಮನೆ ನಡೆದು ಹೋಗುವಾಗ ಪಟ್ಟಿ ಬೇಡ. ಮಗುವೇ ಜೊತೆಗಾರರ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರಬೇಕು. ಮಗುವಿನ ರಟ್ಟೆ ಹಿಡಿದು ಮುಂದೆ ನೂಕಿಕೊಂಡು ಹೋಗುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು.

ಮುಟ್ಟಿ ತಿಳಿಯುವುದು

ಸ್ಪರ್ಶದ ಸೂಚನೆಗಳಲ್ಲಿ ಎರಡು ಬಗೆಯಿವೆ, ಅವುಗಳ ಕೆಲಸ ಬೇರೆ ಬೇರೆ. ನೆಲದಲ್ಲೋ ಗಾಳಿಯಲ್ಲೋ ಕಟ್ಟಿದ ಹಗ್ಗ ಅಂಚನ್ನು ಹೇಳುತ್ತದೆ. ಮೈ ಮುಟ್ಟಿ ತೋರಿಸುವುದು ಭಂಗಿಯನ್ನು ಹೇಳುತ್ತದೆ.

ಹಗ್ಗದ ಓಟಕ್ಕೆ ಎರಡು ಗಟ್ಟಿ ಕಂಬಗಳ ನಡುವೆ ಇಪ್ಪತ್ತೈದು ಮೀಟರ್‌ನಷ್ಟು ನೈಲಾನ್ ಹಗ್ಗವನ್ನು ಮಗುವಿನ ಸೊಂಟದ ಎತ್ತರಕ್ಕೆ ಬಿಗಿಯಾಗಿ ಕಟ್ಟಬೇಕು. ಅಂಗೈಯಲ್ಲೇ ಹಗ್ಗ ಹಿಡಿದು ಓಡಿದರೆ ಚರ್ಮ ಉಜ್ಜಿ ಸುಲಿಯುತ್ತದೆ. ಆದ್ದರಿಂದ ಕಟ್ಟುವ ಮೊದಲೇ ಒಂದು ಗೇಣುದ್ದದ ಪಿ.ವಿ.ಸಿ. ಪೈಪಿನ ತುಂಡನ್ನು ಹಗ್ಗಕ್ಕೆ ಪೋಣಿಸಿ, ಮಗು ಅದನ್ನು ಹಿಡಿದು ಓಡುವಂತೆ ಮಾಡಬೇಕು. ಕೊನೆಯ ಕಂಬಕ್ಕೆ ಐದು ಮೀಟರ್ ಮುಂಚೆ ಒಂದು ದಪ್ಪ ಗಂಟು ಹಾಕಿದರೆ ಪೈಪು ಅಲ್ಲಿಗೆ ತಡೆಯುತ್ತದೆ, ನಿಲ್ಲಬೇಕೆಂಬ ಸೂಚನೆ ಯಾರೂ ಹೇಳದೆಯೇ ಕೈಗೆ ಬರುತ್ತದೆ. ಪೈಪು ತಡೆದಾಗ ಕೈ ಬಿಡಬೇಕೆಂದು ಮೊದಲೇ ನಡೆಸಿ ಕಲಿಸಿರಬೇಕು, ಇಲ್ಲವಾದರೆ ತೋಳು ಜಗ್ಗುತ್ತದೆ. ಉಳಿದ ಮಕ್ಕಳು ಹಗ್ಗ ಕಾಣದೆ ಓಡಿಬಂದು ಸಿಕ್ಕಿಕೊಳ್ಳದಂತೆ ಅಲ್ಲಲ್ಲಿ ಬಣ್ಣದ ಬಟ್ಟೆ ಕಟ್ಟಿ, ಪೀರಿಯಡ್ ಮುಗಿದ ಕೂಡಲೇ ಹಗ್ಗ ಬಿಚ್ಚಬೇಕು.

ಇದರ ಲಾಭವೆಂದರೆ ಮಗು ಯಾರ ಸಹಾಯವೂ ಇಲ್ಲದೆ, ಯಾರೂ ಕಾಯದೆ, ಬೇಕಾದಷ್ಟು ಸಲ ಪೂರ್ತಿ ವೇಗದಲ್ಲಿ ಓಡಬಹುದು. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಇದು ದೊಡ್ಡ ಅನುಕೂಲ. ನಷ್ಟವೂ ಇದೆ. ಒಂದು ಕೈ ಹಗ್ಗದಲ್ಲೇ ಇರುವುದರಿಂದ ತೋಳಿನ ಬೀಸು ಕಲಿಯುವುದಿಲ್ಲ, ಮತ್ತು ಹಗ್ಗ ಇರುವಲ್ಲಿ ಮಾತ್ರ ಓಟ. ಮಗು ತರಗತಿಯ ಜೊತೆಯಲ್ಲಿ ಅಲ್ಲದೆ ಪಕ್ಕದಲ್ಲೆಲ್ಲೋ ಒಂಟಿಯಾಗಿ ಓಡುತ್ತಿರುವ ಸ್ಥಿತಿಯೂ ಬರಬಹುದು. ಉಳಿದವರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದೇ ಹಗ್ಗದಲ್ಲಿ ಸರದಿಯಂತೆ ಓಡಿದರೆ ಆ ಒಂಟಿತನ ತಪ್ಪುತ್ತದೆ, ಸಮಯ ಅಳೆದರೆ ಆಗ ಅದು ನಿಜವಾದ ಸ್ಪರ್ಧೆಯೇ ಆಗುತ್ತದೆ.

ನೆಲದ ಗೆರೆಗೆ ಗೋಲ್‌ಬಾಲ್ ಆಟ ಒಳ್ಳೆಯ ಮಾದರಿ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಆ ಆಟದಲ್ಲಿ ಅಂಕಣದ ಗೆರೆಗಳ ಅಡಿಯಲ್ಲಿ ದಾರವಿಟ್ಟು ಮೇಲೆ ಟೇಪು ಅಂಟಿಸುತ್ತಾರೆ, ಕೈಗೂ ಕಾಲಿಗೂ ಗೆರೆ ಸಿಗುತ್ತದೆ. ಸಿಮೆಂಟಿನ ಜಗಲಿ ಅಥವಾ ಸಭಾಂಗಣವಿರುವ ಶಾಲೆಯಲ್ಲಿ ಇದನ್ನು ಹಾಗೆಯೇ ಮಾಡಬಹುದು. ಮಣ್ಣಿನಲ್ಲಿ ಟೇಪು ನಿಲ್ಲುವುದಿಲ್ಲ. ಅಲ್ಲಿ ಗುಬ್ಬಿ, ತಿಪಟೂರು ಕಡೆ ಎಲ್ಲೆಡೆ ಸಿಗುವ ತೆಂಗಿನ ನಾರಿನ ಹಗ್ಗ ಒಳ್ಳೆಯದು. ಬೆರಳಿನ ಆಳದ ಕಾಲುವೆ ತೋಡಿ ಹಗ್ಗದ ಅರ್ಧ ಭಾಗ ಮೇಲೆ ಉಳಿಯುವಂತೆ ಹೂತು, ಮಣ್ಣು ಅದುಮಿ, ಅಲ್ಲಲ್ಲಿ ಗೂಟದಿಂದ ಬಿಗಿಯಬೇಕು. ಬರಿಗಾಲಿಗೆ ಅದರ ಒರಟು ತಕ್ಷಣ ತಿಳಿಯುತ್ತದೆ. ದಪ್ಪ ಅಟ್ಟೆಯ ಶೂ ಹಾಕಿದರೆ ತಿಳಿಯುವುದಿಲ್ಲ. ಬಿಸಿಲಿಗೆ ಕಾದ ನೆಲದಲ್ಲಿ, ಕಲ್ಲು ಮುಳ್ಳಿನ ಮೈದಾನದಲ್ಲಿ ಬರಿಗಾಲು ಬೇಡ, ಅಂಥಲ್ಲಿ ಈ ಉಪಾಯವನ್ನೇ ಬಿಡಬೇಕು. ಕೈಯಿಂದ ಮುಟ್ಟಿ ನೋಡುವ ಗೆರೆಗೆ ಸುಣ್ಣದ ಪುಡಿಯನ್ನಂತೂ ಹಾಕಲೇಬಾರದು. ಆ ಕೈ ಕಣ್ಣಿಗೆ ಹೋದರೆ ಸುಣ್ಣ ಕಣ್ಣನ್ನು ಸುಡುತ್ತದೆ.

ಭಂಗಿಯನ್ನು ಕಲಿಸುವಾಗ ಎರಡು ಕ್ರಮಗಳಿವೆ. ಶಿಕ್ಷಕರೋ ಸಹಪಾಠಿಯೋ ಓಟದ ಭಂಗಿಯಲ್ಲಿ ನಿಂತು, ಮೊಣಕೈ ಮಡಿಕೆ, ಮುಂದಕ್ಕೆ ಬಾಗಿದ ಬೆನ್ನು, ಎತ್ತಿದ ಮಂಡಿ ಇವನ್ನು ಮಗು ಮುಟ್ಟಿ ನೋಡುವಂತೆ ಮಾಡುವುದು ಒಂದು. ಮಗುವಿನ ಕೈಕಾಲನ್ನು ಹಿಡಿದು ಆ ಭಂಗಿಗೆ ತರುವುದು ಇನ್ನೊಂದು. ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ಅದರಲ್ಲಿ ಮಗು ತನಗೆ ಬೇಕಾದಷ್ಟು ಹೊತ್ತು, ಬೇಕಾದ ಭಾಗವನ್ನು ಮುಟ್ಟಿ ತಿಳಿದುಕೊಳ್ಳುತ್ತದೆ. ಎರಡನೆಯದನ್ನು ಬಳಸಲೇಬೇಕಾದರೆ, "ನಿನ್ನ ಬಲ ಮೊಣಕೈ ಹಿಡಿಯುತ್ತೇನಮ್ಮ, ಆಗಬಹುದಾ?" ಎಂದು ಕೇಳಿ, ಉತ್ತರ ಬಂದ ಮೇಲೆ ಹಿಡಿಯಬೇಕು. ಹೇಳದೆ ಮುಟ್ಟಿದರೆ ಕಣ್ಣು ಕಾಣದ ಮಗು ಬೆಚ್ಚುತ್ತದೆ. ಹೆಣ್ಣುಮಕ್ಕಳಿಗೆ ಶಿಕ್ಷಕಿಯೋ ಸಹಪಾಠಿ ಹುಡುಗಿಯೋ ತೋರಿಸಲಿ. ಇದು ನಿಧಾನದ ಕೆಲಸ, ಪೀರಿಯಡ್‌ನ ನಡುವೆ ಆಗುವುದಿಲ್ಲ. ಹಿಂದಿನ ದಿನವೇ ಐದು ನಿಮಿಷ ಕೊಟ್ಟರೆ ಆ ಮಗು ಉಳಿದವರ ಜೊತೆಯಲ್ಲೇ ಪಾಠ ಶುರು ಮಾಡುತ್ತದೆ.

ಒಂದು ತರಗತಿಯನ್ನು ಇಟ್ಟುಕೊಂಡು

ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿ ಎಂದಿಟ್ಟುಕೊಳ್ಳೋಣ. ನಲವತ್ತು ಮಕ್ಕಳು, ಒಬ್ಬ ದೈಹಿಕ ಶಿಕ್ಷಕರು. ಒಬ್ಬ ಹುಡುಗಿಗೆ ಏನೂ ಕಾಣುವುದಿಲ್ಲ. ಒಬ್ಬ ಹುಡುಗನಿಗೆ ಮಂದದೃಷ್ಟಿ, ಬಿಸಿಲಿನಲ್ಲಿ ಅದೂ ಮಸುಕಾಗುತ್ತದೆ. ಆಟದ ಪೀರಿಯಡ್ ಮಧ್ಯಾಹ್ನ ಮೂರರ ಮೇಲೆ. ಪಾಠ ನಲವತ್ತು ಮೀಟರ್ ಓಟ, ತಿಂಗಳು ಜುಲೈ.

ಹುಡುಗಿಗೆ ಇಲ್ಲದ ಮಾಹಿತಿ ದಿಕ್ಕು ಮತ್ತು ಕೊನೆ. ದೂರ ಕಡಿಮೆ, ದಾರಿ ನೇರ, ಆದ್ದರಿಂದ ದನಿ ಸಾಕಾಗಬೇಕು. ಗಾಳಿಯ ಲೆಕ್ಕದಲ್ಲಿ ಅವಳು ಪಶ್ಚಿಮಕ್ಕೆ ಮುಖ ಮಾಡಿ ಓಡಬೇಕು. ಹುಡುಗನ ವಿಷಯದಲ್ಲಿ ಲೆಕ್ಕ ತಿರುಗುತ್ತದೆ: ಮೂರರ ಮೇಲೆ ಪಶ್ಚಿಮಕ್ಕೆ ಓಡಿದರೆ ಬಿಸಿಲು ಅವನ ಕಣ್ಣಿಗೇ ಹೊಡೆಯುತ್ತದೆ. ಒಂದೇ ದಿಕ್ಕು ಇಬ್ಬರಿಗೂ ಆಗುವುದಿಲ್ಲ. ಅವನು ಅದೇ ದಾರಿಯಲ್ಲಿ ಪೂರ್ವಕ್ಕೆ ಓಡಲಿ, ತಲೆಗೆ ಅಂಚಿರುವ ಟೋಪಿ ಹಾಕಲಿ. ಅವನಿಗೆ ದನಿಯೂ ಜೊತೆಗಾರರೂ ಬೇಡ, ಕೆಮ್ಮಣ್ಣಿನ ಮೇಲೆ ಎದ್ದು ಕಾಣುವ ಅಗಲವಾದ ಬಿಳಿ ಗೆರೆ ಮತ್ತು ಗುರಿಯಲ್ಲಿ ಹಳದಿ ಬಟ್ಟೆ ಹಿಡಿದವರೊಬ್ಬರು ಇದ್ದರೆ ಸಾಕು. ಅವನ ಗೆರೆಗೆ ಸುಣ್ಣ ಬಳಸಿದರೆ ಅವನು ಅದನ್ನು ಕೈಯಿಂದ ಮುಟ್ಟದಂತೆ ನೋಡಿಕೊಳ್ಳಬೇಕು. ಮಂದದೃಷ್ಟಿಯವರಿಗೂ ಪೂರ್ತಿ ಕಾಣದವರ ಏರ್ಪಾಡನ್ನೇ ಹೇರುವುದು ನಮ್ಮಲ್ಲಿ ಬಹಳ ಸಾಮಾನ್ಯ, ಅದರಿಂದ ಇರುವ ದೃಷ್ಟಿಯನ್ನು ಬಳಸುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಪೀರಿಯಡ್‌ನ ಮೊದಲ ಐದು ನಿಮಿಷ ಹುಡುಗಿ ಒಬ್ಬ ಗೆಳತಿಯ ಮೊಣಕೈ ಹಿಡಿದು ಇಡೀ ದಾರಿಯನ್ನು, ಗುರಿಯ ಆಚೆಗೂ ಹದಿನೈದು ಮೀಟರ್, ನಡೆದು ನೋಡುತ್ತಾಳೆ. ಆಚೆ ಏನೂ ಇಲ್ಲವೆಂದು ಅವಳ ಕಾಲಿಗೆ ಗೊತ್ತಾಗಬೇಕು. ಈ ನಡಿಗೆಯನ್ನು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಅಷ್ಟರಲ್ಲಿ ತರಗತಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಆಮೇಲೆ ನಾಲ್ವರ ಗುಂಪುಗಳಲ್ಲಿ ಓಟ. ಅವಳ ಸರದಿಯಲ್ಲಿ ಪಕ್ಕದ ಒಂದು ದಾರಿ ಖಾಲಿ ಬಿಡಬೇಕು, ಉಳಿದವರು ಸುಮ್ಮನಿರಬೇಕು, ಕರೆಯುವವಳು ಗುರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಬೇಕು. ಮೊದಲ ಸಲ ನಡಿಗೆ, ಎರಡನೆಯ ಸಲ ನಿಧಾನದ ಓಟ, ಮೂರನೆಯ ಸಲ ಪೂರ್ತಿ ವೇಗ.

ಅವಳು ಕೈ ಮುಂದೆ ಚಾಚಿ, ಹಿಂದಕ್ಕೆ ವಾಲಿ, ಹಿಮ್ಮಡಿಯೂರಿ ಓಡುತ್ತಿದ್ದರೆ ದಿಕ್ಕು ತಿಳಿಯುತ್ತಿಲ್ಲವೆಂದಲ್ಲ, ಮುಂದೇನಿದೆಯೋ ಎಂಬ ಅಂಜಿಕೆ. ಆಗ ಕರೆಯನ್ನು ಜೋರು ಮಾಡುವುದರಿಂದ ಪ್ರಯೋಜನವಿಲ್ಲ, ಎರಡು ಪೀರಿಯಡ್ ಪಟ್ಟಿ ಹಿಡಿದು ಜೊತೆಗಾರ್ತಿಯೊಂದಿಗೆ ಓಡಿಸಿ ಮತ್ತೆ ದನಿಗೆ ಬರಬೇಕು. ಮೈ ನೆಟ್ಟಗಿದ್ದು, ಹೆಜ್ಜೆ ಮಾತ್ರ ಗೆರೆಯಿಂದ ಸರಿಯುತ್ತಿದ್ದರೆ ಕರೆಯುವವಳ ಜಾಗವನ್ನೋ ದಾರಿಯನ್ನೋ ಬದಲಿಸಬೇಕು. ಓಟ ನೇರವಾಗಿದ್ದು ತೋಳು ಮಾತ್ರ ಪಕ್ಕಕ್ಕೆ ಅಂಟಿಕೊಂಡಿದ್ದರೆ ಅದು ಮುಟ್ಟಿ ಕಲಿಸಬೇಕಾದ ವಿಷಯ. ಇದೇ ತರಗತಿ ಮುಂದಿನ ತಿಂಗಳು ನಾನೂರು ಮೀಟರ್‌ಗೆ ಹೋದರೆ ಯೋಚಿಸಬೇಕಾದ್ದೇ ಇಲ್ಲ, ಜೊತೆಗಾರರೇ ಬೇಕು.

ಖೋ ಖೋ, ಚೆಂಡು, ಮತ್ತು ಖರ್ಚು

ನಮ್ಮ ಖೋ ಖೋ ಆಟದಲ್ಲಿ ದನಿ ಮತ್ತು ಸ್ಪರ್ಶ ಮೊದಲೇ ಇವೆ: ಬೆನ್ನು ಮುಟ್ಟಿ "ಖೋ" ಎಂದಾಗಲೇ ಕೂತವರು ಏಳುವುದು. ಆದ್ದರಿಂದ ಸಾಲಿನಲ್ಲಿ ಕೂರುವ ಕೆಲಸಕ್ಕೆ ಯಾವ ಬದಲಾವಣೆಯೂ ಬೇಡ. ಬೆನ್ನಟ್ಟುವಾಗ ಮಾತ್ರ ತೊಂದರೆ. ಇಲ್ಲಿ ದನಿಗಿಂತ ಜೊತೆಗಾರರು ಮೇಲು, ಏಕೆಂದರೆ ಓಡುವವರ ಕಾಲಿಗೆ ಗೆಜ್ಜೆ ಕಟ್ಟಿದರೂ ಕೂತವರ ಮೇಲೆ ಎಡವಿ ಬೀಳುವ ಅಪಾಯ ತಪ್ಪುವುದಿಲ್ಲ. ಕಣ್ಣು ಕಾಣದ ಹುಡುಗಿಗೆ ಖೋ ಸಿಕ್ಕಾಗ ಪಕ್ಕದಲ್ಲಿ ಕಾದಿರುವ ಜೊತೆಗಾರ್ತಿ ಪಟ್ಟಿಯನ್ನು ಕೈಗಿಡಲಿ, ಓಡುವವರ ಗೆಜ್ಜೆ ಕೇಳಿ ಎತ್ತ ಓಡಬೇಕೆಂದು ಹೇಳುವುದು ಆ ಹುಡುಗಿಯೇ ಆಗಿರಲಿ. ಹೀಗೆ ಕಾಲು ಜೊತೆಗಾರ್ತಿಯದಾದರೂ ತೀರ್ಮಾನ ಅವಳದಾಗುತ್ತದೆ.

ಚೆಂಡಾಟದಲ್ಲಿ ಗೆಜ್ಜೆಯ ಚೆಂಡಿನ ಒಂದು ಗುಣವನ್ನು ತಿಳಿದಿರಬೇಕು: ಅದು ಉರುಳುವಾಗ, ಪುಟಿಯುವಾಗ ಸದ್ದು ಮಾಡುತ್ತದೆ, ಗಾಳಿಯಲ್ಲಿ ಹೋಗುವಾಗ ಬಹುಮಟ್ಟಿಗೆ ಮೌನವಾಗುತ್ತದೆ. ಅಂಧರ ಕ್ರಿಕೆಟ್‌ನಲ್ಲಿ ಒಳಗೆ ಲೋಹದ ಗುಂಡುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಕೈ ಎತ್ತದೆ ನೆಲಕ್ಕೆ ಬಡಿಸಿ ಉರುಳಿಸುವುದಕ್ಕೂ, ಎಸೆಯುವ ಮುನ್ನ ಬ್ಯಾಟ್ಸ್‌ಮನ್‌ಗೆ ಕೂಗಿ ಹೇಳುವುದಕ್ಕೂ ಇದೇ ಕಾರಣ. ಹಾಗಾಗಿ ತ್ರೋಬಾಲ್ ಅಥವಾ ವಾಲಿಬಾಲ್‌ಗೆ ಗೆಜ್ಜೆ ಸೇರಿಸಿ ಪ್ರಯೋಜನವಿಲ್ಲ. ನೆಟ್‌ನ ಅಡಿಯಲ್ಲಿ ಚೆಂಡು ಉರುಳಿಸುವ ಆಟವಾಗಿ ಬದಲಿಸಿದರೆ ಮಾತ್ರ ದನಿ ಕೆಲಸಕ್ಕೆ ಬರುತ್ತದೆ. ಹಣವಿಲ್ಲದಿದ್ದರೆ ಫುಟ್‌ಬಾಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಗಂಟು ಹಾಕಿದರೆ ಉರುಳುವಾಗ ಸರಸರ ಸದ್ದು ಬರುತ್ತದೆ. ಒಳಾಂಗಣದಲ್ಲಿ ಇದು ಚೆನ್ನಾಗಿ ಕೇಳುತ್ತದೆ, ಬಯಲಿನಲ್ಲಿ ಐದಾರು ಮೀಟರ್ ದಾಟಿದರೆ ಕೇಳುವುದು ಕಷ್ಟ, ಕವರು ಬೇಗ ಹರಿಯುತ್ತದೆ.

ಖರ್ಚಿನ ವಿಷಯ ಚಿಕ್ಕದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅನುದಾನದ ಅವಕಾಶವಿದೆ. ಏನೂ ಖರ್ಚು ಮಾಡಲಾಗದ ಶಾಲೆ ಚಪ್ಪಾಳೆ ಮತ್ತು ನಾಡಾ ಪಟ್ಟಿಯಿಂದ ಶುರು ಮಾಡಲಿ. ಸ್ವಲ್ಪ ಹಣವಿದ್ದರೆ ಮೊದಲು ಕೊಳ್ಳಬೇಕಾದದ್ದು ಹಗ್ಗ ಮತ್ತು ಪೈಪು. ಸದ್ದಿನ ಚೆಂಡು ಅದರ ಮುಂದಿನದು, ಏಕೆಂದರೆ ಚೆಂಡು ಆಡಲು ನಿಶ್ಶಬ್ದದ ಜಾಗವೂ ಬೇಕು, ಹಗ್ಗಕ್ಕೆ ಅದು ಬೇಡ. ದೈಹಿಕ ಶಿಕ್ಷಕರೇ ಇಲ್ಲದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಜೊತೆಗಾರರನ್ನು ತರಬೇತು ಮಾಡುವವರಿರುವುದಿಲ್ಲ, ಚಿಕ್ಕ ಮಕ್ಕಳು ಒಬ್ಬರನ್ನೊಬ್ಬರು ಎಳೆಯದೆ ಓಡುವುದೂ ಕಷ್ಟ, ಆದ್ದರಿಂದ ಅಲ್ಲಿ ಹಗ್ಗವೇ ಸರಿ. ಮಗುವಿಗೆ ದೃಷ್ಟಿಯ ಜೊತೆಗೆ ಕೇಳುವಿಕೆಯೂ ಕಡಿಮೆಯಿದ್ದರೆ ದನಿಯನ್ನು ಪೂರ್ತಿ ಕೈಬಿಟ್ಟು, ಹಗ್ಗ ಮತ್ತು ಜೊತೆಗಾರರ ನಡುವೆ ಮಾತ್ರ ಆರಿಸಬೇಕು. ಆಗ ಎಡ, ಬಲ, ನಿಲುಗಡೆಗಳನ್ನು ಪಟ್ಟಿಯ ಮೇಲಿನ ಒಂದು, ಎರಡು, ಮೂರು ಜಗ್ಗುಗಳಾಗಿ ಜೊತೆಗಾರರೂ ಮಗುವೂ ಒಟ್ಟಿಗೆ ಕುಳಿತು ಗೊತ್ತು ಮಾಡಿಕೊಂಡಿರಬೇಕು.